ಕಣ್ಣಿನ ಡ್ರಾಪ್ಸ್ ವಾರ ವಾರಕ್ಕೆ ಕಡಿಮೆಯಾಗುವಾಗ ರಿಮೈಂಡರ್ ಇಡೋದು ಹೇಗೆ?

ಪ್ರಶ್ನೆ: ಅಮ್ಮನಿಗೆ ಪೊರೆ ಆಪರೇಷನ್ ಆಗಿದೆ. ಸ್ಟೀರಾಯ್ಡ್ ಡ್ರಾಪ್ಸ್ ಮೊದಲ ವಾರ ದಿನಕ್ಕೆ 4 ಸಲ, ಆಮೇಲೆ 3, 2, 1. ರಿಮೈಂಡರ್ ತಾನಾಗೇ ಬದಲಾಗುವಂತೆ ಮಾಡಬಹುದಾ?

ಮಾಡಬಹುದು. ಪ್ರತಿ ಹೊತ್ತಿಗೂ ಬೇರೆ ರಿಮೈಂಡರ್ ಇಟ್ಟು, ಒಂದೊಂದಕ್ಕೂ ಬೇರೆ ಮುಗಿಯುವ ದಿನ ಕೊಡಿ. ಫೋನಿನ ಅಲಾರಂನಲ್ಲಿ ಸಾಮಾನ್ಯವಾಗಿ ಕೊನೆಯ ದಿನ ಇಡಲು ಆಗುವುದಿಲ್ಲ, ಕ್ಯಾಲೆಂಡರ್ ಬಳಸಿ.

ಜೂನ್ 3ಕ್ಕೆ ಶುರು ಅಂದುಕೊಳ್ಳಿ. ನಾಲ್ಕನ್ನೂ ‘ದಿನಾ’ ಅಂತ ಇಡಿ. ಮಧ್ಯಾಹ್ನ 12ರದ್ದು ಜೂನ್ 9ಕ್ಕೆ ನಿಲ್ಲಲಿ, ಸಂಜೆ 4ರದ್ದು 16ಕ್ಕೆ, ರಾತ್ರಿ 8ರದ್ದು 23ಕ್ಕೆ, ಬೆಳಿಗ್ಗೆ 8ರದ್ದು 30ಕ್ಕೆ. ವಾರಕ್ಕೊಂದು ರಿಮೈಂಡರ್ ಸುಮ್ನೆ ಉದುರಿಹೋಗುತ್ತದೆ, ನೀವು ಮತ್ತೆ ಮುಟ್ಟಬೇಕಿಲ್ಲ.

ಸ್ಟೀರಾಯ್ಡ್ ಕಣ್ಣಿನೊಳಗಿನ ಉರಿಯೂತವನ್ನು ಅದುಮಿ ಹಿಡಿದಿರುತ್ತದೆ. ಒಮ್ಮೆಲೇ ಬಿಟ್ಟರೆ ಅದು ಮತ್ತೆ ಏಳಬಹುದು. ಜಾಸ್ತಿ ದಿನ ಹಾಕಿದರೆ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ. ಅದಕ್ಕೇ ಈ ಇಳಿಕೆ. ಆಂಟಿಬಯೋಟಿಕ್ ಡ್ರಾಪ್ಸ್ ಹಾಗಲ್ಲ, ಸಾಮಾನ್ಯವಾಗಿ ಹೇಳಿದ ದಿನಕ್ಕೆ ಪೂರ್ತಿ ನಿಲ್ಲುತ್ತದೆ. ಅದರ ರಿಮೈಂಡರ್‌ಗೆ ಔಷಧದ ಹೆಸರು, ಮುಚ್ಚಳದ ಬಣ್ಣ ಬರೆದು ಬೇರೆಯೇ ಇಡಿ. ಎರಡು ಬಾಟಲಿ ಅದಲುಬದಲಾಗುವುದೇ ಹೆಚ್ಚು, ಅಲ್ವಾ?

ಡೋಸ್ ಇಳಿದ ಮೇಲೆ ಕಣ್ಣು ಕೆಂಪಾದರೆ, ನೋವು ಬಂದರೆ, ದೃಷ್ಟಿ ಮಂಜಾದರೆ ಅಥವಾ ಬೆಳಕು ಚುಚ್ಚಿದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಅವರು ದಿನ ಬದಲಿಸಿದರೆ ಕೊನೆಯ ತಾರೀಖುಗಳನ್ನಷ್ಟೇ ತಿದ್ದಿದರೆ ಸಾಕು.