ಚೆಂಡಿಗೆ ಸ್ವಭಾವ ಕೊಡುವುದು ಹೇಗೆ?

ಪ್ರಶ್ನೆ: ಚೆಂಡು ಪುಟಿಯುವ ಅನಿಮೇಶನ್ ಮಾಡಿದೆ. ಸ್ಕ್ವಾಶ್, ಸ್ಟ್ರೆಚ್ ಎರಡೂ ಹಾಕಿದ್ದೇನೆ. ಆದರೂ ಬರೀ ರಬ್ಬರ್ ಚೆಂಡಿನ ಹಾಗೆ ಕಾಣುತ್ತೆ, ಪಾತ್ರ ಅನಿಸಲ್ಲ. ಎಲ್ಲಿ ತಪ್ಪಿದೆ?

ನಿಮ್ಮ ಚೆಂಡು ನೆಲಕ್ಕೆ ಬಿದ್ದ ಮೇಲಷ್ಟೇ ಚಪ್ಪಟೆಯಾಗುತ್ತಿದೆ ಅಂತ ನನ್ನ ಊಹೆ. ಹಾಗಾದರೆ ಅದು ಪೆಟ್ಟು ತಿಂದ ಚೆಂಡು, ಅಷ್ಟೇ. ನೆಗೆಯುವ ಮೊದಲೇ ತಾನಾಗಿ ಕುಗ್ಗಿದರೆ ನೋಡುವವರಿಗೆ ಅದರೊಳಗೆ ಯಾರೋ ಇದ್ದಾರೆ ಅನಿಸುತ್ತೆ. ಆಕಾರ ಎರಡರಲ್ಲೂ ಒಂದೇ. ಬೇರೆಯಾಗುವುದು ಅದು ಯಾವಾಗ ಬರುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ ಅನ್ನುವುದು.

ಒಂದು ಅಂಜುಬುರುಕ ಚೆಂಡು ಪೆಟ್ಟಿಗೆಯ ಮೇಲೆ ನೆಗೆಯಬೇಕು ಅಂದುಕೊಳ್ಳಿ, ಸೆಕೆಂಡಿಗೆ 24 ಫ್ರೇಮ್. 1ರಿಂದ 10ನೇ ಫ್ರೇಮಿನವರೆಗೆ ನಿಧಾನವಾಗಿ ಎತ್ತರ 70%ಕ್ಕೆ ಇಳಿಸಿ, ಪೆಟ್ಟಿಗೆಯಿಂದ ಹಿಂದಕ್ಕೆ ವಾಲಿಸಿ. ಅಗಲ 140%ರಷ್ಟಾಗಲಿ, ಇಲ್ಲದಿದ್ದರೆ ಚೆಂಡು ಕುಗ್ಗಿದಂತೆ ಕಾಣದೆ ಚಿಕ್ಕದಾದಂತೆ ಕಾಣುತ್ತೆ. (3ಡಿಯಲ್ಲಿ ಎರಡು ದಿಕ್ಕಿಗೂ ಹಂಚಿಹೋಗುವುದರಿಂದ ತಲಾ ಸುಮಾರು 120% ಸಾಕು.) ಪಿವಟ್ ಚೆಂಡಿನ ಬುಡದಲ್ಲಿರಬೇಕು, ಮರೆತರೆ ಚೆಂಡು ನೆಲ ಬಿಟ್ಟು ತೇಲುತ್ತೆ.

16ರವರೆಗೆ ಅಲ್ಲೇ ತಡೆಯಿರಿ, ಆದರೆ ಪೂರ್ತಿ ನಿಲ್ಲಿಸಬೇಡಿ. 70 ಮೆಲ್ಲಗೆ 67ಕ್ಕೆ ಜಾರಲಿ. ಹಿಂಜರಿಕೆ ಕಾಣುವುದು ಈ ಆರು ಫ್ರೇಮಿನಲ್ಲೇ. ಇದೇ ಚೆಂಡು ಭಂಡ ಆಗಿದ್ದರೆ ಕುಗ್ಗಲು ನಾಲ್ಕು ಫ್ರೇಮ್ ಕೊಟ್ಟು, ತಡೆಯದೆ ಹಾರಿಸುತ್ತಿದ್ದೆ.

18ರಲ್ಲಿ ಎತ್ತರ 130%. ಚೆಂಡು ಉದ್ದವಾಗಿದೆ, ಬುಡ ಇನ್ನೂ ನೆಲದಲ್ಲೇ ಇದೆ. ನೆಲವನ್ನು ಒದ್ದ ಭಾವ ಬರುವುದು ಈ ಒಂದು ಫ್ರೇಮಿನಿಂದ, ಇದನ್ನು ಬಿಟ್ಟರೆ ಯಾರೋ ದಾರ ಕಟ್ಟಿ ಎಳೆದಂತಿರುತ್ತೆ. 25ರಲ್ಲಿ ನೆಗೆತದ ತುದಿ. ಅಲ್ಲಿ ಮೇಲಕ್ಕೂ ಕೆಳಕ್ಕೂ ವೇಗವಿಲ್ಲ, ಹಾಗಾಗಿ ಪೂರ್ತಿ ದುಂಡಗೆ. (ನಾನು ಮೊದಮೊದಲು ತುದಿಯಲ್ಲೂ ಉದ್ದ ಎಳೆದು, ಗಾಳಿಯಲ್ಲಿ ತೂಗುಬಿದ್ದ ಹೀರೇಕಾಯಿ ಮಾಡಿಟ್ಟಿದ್ದೆ.) ಇಳಿಯುವಾಗ ಚಲಿಸುವ ದಾರಿಯ ದಿಕ್ಕಿಗೇ ಉದ್ದವಾಗಲಿ, 29ರಲ್ಲಿ ಅದೇ ಆಕಾರದಲ್ಲಿ ಪೆಟ್ಟಿಗೆ ಮುಟ್ಟಲಿ, 30ರಲ್ಲಿ 75%.

ಇನ್ನು ಫಾಲೋ ಥ್ರೂ, ಅಂದರೆ ಮೈ ನಿಂತ ಮೇಲೂ ಅದರ ಭಾಗಗಳು ಸ್ವಲ್ಪ ಹೊತ್ತು ಚಲಿಸುತ್ತಲೇ ಇರುವುದು. ಬಾಲ, ಕಿವಿ ಇಲ್ಲದ ಚೆಂಡಿಗೆ ಅದೆಲ್ಲಿ ಅಂತ ಕೇಳಬಹುದು. ಚೆಂಡಿನ ಮೇಲ್ಭಾಗವೇ ಅದರ ಬಾಲ. ಎತ್ತರ 34ರಲ್ಲಿ 108, 38ರಲ್ಲಿ 96, 42ರಲ್ಲಿ 100 ಆಗಿ ನೆಲೆಗೊಳ್ಳಲಿ; ಮುಂದಕ್ಕೆ ವಾಲುವ ಕೀಗಳನ್ನು ಇವುಗಳಿಗಿಂತ ಎರಡು ಫ್ರೇಮ್ ತಡವಾಗಿ ಇಡಿ. ಬುಡ ನಿಂತಿದೆ, ತಲೆ ಇನ್ನೂ ಅಂಚಿನಾಚೆ ಇಣುಕಿ ಗಾಬರಿಯಿಂದ ವಾಪಸ್ ಬರುತ್ತಿದೆ. ಎರಡೂ ಒಂದೇ ಫ್ರೇಮಿನಲ್ಲಿ ನಿಂತರೆ ಬೊಂಬೆಯ ಬ್ಯಾಟರಿ ಮುಗಿದಂತಾಗುತ್ತೆ.

ಚೆಂಡು ಉರುಳುವುದೂ ಇದ್ದರೆ ಉರುಳುವ ಕಂಟ್ರೋಲ್ ಸ್ಕ್ವಾಶಿನ ಒಳಗಿರಲಿ. ಉಲ್ಟಾ ಆದರೆ ಚಪ್ಪಟೆಯಾಗುವ ದಿಕ್ಕೇ ಚೆಂಡಿನ ಜೊತೆ ತಿರುಗಿ, ನೆಲಕ್ಕೆ ಬಿದ್ದ ಚೆಂಡು ಪಕ್ಕದಿಂದ ಹಿಸುಕಿದಂತೆ ಕಾಣುತ್ತೆ.