ಕೆಳಗಿನ ಶಿಲ್ಕನ್ನಷ್ಟೇ ನೋಡಿದರೆ ಸಾಲದು

ಪ್ರಶ್ನೆ: ಜಮಖಂಡಿಯ ನಮ್ಮ ಹಿರಿಯ ನಾಗರಿಕರ ಬಳಗದಲ್ಲಿ ಹತ್ತು ನಿಮಿಷ ಮಾತನಾಡಬೇಕಾಗಿದೆ. ಪ್ರತಿ ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್ ಓದಿ ಆನ್‌ಲೈನ್ ವಂಚನೆಯನ್ನು ಹಿಡಿಯುವುದು ಹೇಗೆ ಎಂದು ಯಾವ ಕ್ರಮದಲ್ಲಿ ಹೇಳಲಿ?

ಉತ್ತರ: ನಾನು ವಿಜಯಪುರದಲ್ಲಿ ಶಿಕ್ಷಕನಾಗಿದ್ದು ನಿವೃತ್ತನಾಗಿ ಬಾಗಲಕೋಟೆಗೆ ಬಂದವನು. ಪಿಂಚಣಿ ಖಾತೆಯ ಪಾಸ್‌ಬುಕ್ಕನ್ನು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಹೋದಾಗ ಮಾತ್ರ ಎಂಟ್ರಿ ಮಾಡಿಸುತ್ತಿದ್ದೆ. ಎಂಟ್ರಿಯಾದ ಮೇಲೂ ನನ್ನ ಕಣ್ಣು ನೇರವಾಗಿ ಹೋಗುತ್ತಿದ್ದುದು ಕೊನೆಯ ಸಾಲಿನ ಶಿಲ್ಕಿಗೆ. ಪ್ರತಿ ತಿಂಗಳು ಪಿಂಚಣಿ ಜಮೆಯಾಗುವ ಖಾತೆಯಲ್ಲಿ ಶಿಲ್ಕು ಏರುತ್ತಲೇ ಇರುತ್ತದೆ. ಏರುವ ಶಿಲ್ಕು ಸಣ್ಣ ಖರ್ಚನ್ನು ಮುಚ್ಚಿಬಿಡುತ್ತದೆ. ನಾನು ಎಡವಿದ್ದು ಇಲ್ಲಿಯೇ. ಅಷ್ಟು ದಿನ ಬಿಟ್ಟು ಎಂಟ್ರಿ ಮಾಡಿಸಿದ್ದರಿಂದ ನನ್ನ ಪಾಸ್‌ಬುಕ್ಕಿನಲ್ಲಿ ಹಲವು ತಿಂಗಳ ವ್ಯವಹಾರ ಒಂದೇ ಮೊತ್ತವಾಗಿ ಮುದ್ರಿತವಾಗಿತ್ತು. ಬಿಡಿ ಸಾಲುಗಳು ಕಾಣದಿದ್ದರೂ ನಾನು ಕೇಳಲಿಲ್ಲ, ಏಕೆಂದರೆ ಶಿಲ್ಕು ಸರಿಯಾಗಿಯೇ ಇದೆ ಎಂದು ನನಗೆ ತೋರಿತ್ತು.

ಮಗಳ ಒತ್ತಾಯಕ್ಕೆ ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿದಾಗ, ಡಿಸೆಂಬರಿನಿಂದ ಅಕ್ಟೋಬರ್‌ವರೆಗೆ ಪ್ರತಿ ತಿಂಗಳ 7ರಂದು 590 ರೂಪಾಯಿ ಖರ್ಚು ಬಿದ್ದದ್ದು ಕಂಡಿತು. ಹನ್ನೊಂದು ಸಲ, ಒಟ್ಟು 6,490 ರೂಪಾಯಿ. ಸಾಲಿನ ಆರಂಭದಲ್ಲಿ `ACH D` ಎಂದಿತ್ತು, ಮುಂದೆ ಅರ್ಥವಾಗದ ನಾಲ್ಕಾರು ಅಕ್ಷರಗಳು. ವಂಚನೆಯೆಂದೇ ತಿಳಿದು ಬ್ಯಾಂಕಿಗೆ ಓಡಿದೆ. ಅಲ್ಲಿನ ಹುಡುಗ ಕಂಪ್ಯೂಟರ್ ನೋಡಿ, "ಸರ್, ಇದು ನೀವೇ ಸಹಿ ಮಾಡಿ ಕೊಟ್ಟದ್ದೈತ್ರಿ" ಎಂದ. ವಿಜಯಪುರದ ಮನೆಯಲ್ಲಿ ಬಿಟ್ಟುಬಂದ ನೀರು ಶುದ್ಧೀಕರಣ ಯಂತ್ರದ ನಿರ್ವಹಣೆಗೆಂದು ಹಿಂದೆ ಸಹಿ ಮಾಡಿದ್ದ ಮ್ಯಾಂಡೇಟ್ ಅದು, ಅಂದರೆ ಖಾತೆಯಿಂದ ಹಣ ತಾನಾಗಿ ಕಡಿತವಾಗಲು ಕೊಟ್ಟ ಒಪ್ಪಿಗೆ. ಒಂದು ವರ್ಷದ ಕರಾರು ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ನಮೂನೆಯಲ್ಲಿ ಮುಕ್ತಾಯದ ದಿನಾಂಕ ಹಲವು ವರ್ಷ ಮುಂದಿತ್ತು, `Fixed Amount` ಬದಲು `Maximum Amount` ಎಂಬಲ್ಲಿ ಗುರುತಿತ್ತು. ಅಂದರೆ ಆ ಮಿತಿಯೊಳಗೆ ಅವರು ಮೊತ್ತವನ್ನು ಹೆಚ್ಚಿಸಲೂಬಹುದಿತ್ತು. ಸಹಿ ನನ್ನದೇ ಆದ್ದರಿಂದ ಬ್ಯಾಂಕು ಹಣ ಮರಳಿಸಲಿಲ್ಲ. ಕಂಪನಿಯವರು ಎರಡು ತಿಂಗಳದ್ದನ್ನು ಕೊಟ್ಟರು, ಉಳಿದ 5,310 ರೂಪಾಯಿ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ವಂಚನೆ ಹಿಡಿಯಲು ತಿಂಗಳಿಗೊಮ್ಮೆ ಓದುವುದು ತೀರ ತಡ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ಗ್ರಾಹಕರ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರಿಂದ ಹಣ ಹೋದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಯಾವ ಹೊಣೆಯೂ ಇಲ್ಲ. ಏಳು ಕೆಲಸದ ದಿನ ಮೀರಿದರೆ ಆಯಾ ಬ್ಯಾಂಕಿನ ನೀತಿಗೆ ಬಿಟ್ಟದ್ದು. ಅದಕ್ಕೆ ಎಸ್‌ಎಂಎಸ್ ನೋಡಬೇಕು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಿಂಗಳ ಓದು ಹಿಡಿಯುವುದು ನನ್ನ 590ರಂಥ, ಸಣ್ಣ ಮೊತ್ತದ, ನಾವೇ ಎಂದೋ ಒಪ್ಪಿ ಮರೆತ ಕಡಿತಗಳನ್ನು. ಹತ್ತು ನಿಮಿಷವನ್ನು ಇದಕ್ಕೇ ಕೊಡಿ.

ಒಂದು ಸ್ಟೇಟ್‌ಮೆಂಟಿನ ಪುಟವನ್ನು ಹೆಸರು, ಖಾತೆ ಸಂಖ್ಯೆ ಅಳಿಸಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಹಂಚಿ. ಜಮೆಯ ಕಾಲಮ್ಮನ್ನೂ ಶಿಲ್ಕನ್ನೂ ಕಾಗದದಿಂದ ಮುಚ್ಚಿಸಿ, ಖರ್ಚಿನ ಪ್ರತಿ ಸಾಲಿನ ಮುಂದೆ "ಇದು ಯಾವುದಕ್ಕೆ?" ಎಂದು ಪೆನ್ಸಿಲಿನಲ್ಲಿ ಬರೆಸಿ. ಬರೆಯಲಾಗದ ಮೊತ್ತವನ್ನು 1.18ರಿಂದ ಭಾಗಿಸಲು ಹೇಳಿ. 17.70 ಇದ್ದರೆ 15, 236 ಇದ್ದರೆ 200, ನನ್ನ 590ಕ್ಕೆ 500 ಬರುತ್ತದೆ. ಹೀಗೆ ದುಂಡು ಸಂಖ್ಯೆ ಬಂದರೆ ಅದು ಹೆಚ್ಚಾಗಿ ಶೇಕಡ 18 ಜಿಎಸ್‌ಟಿ ಸೇರಿದ ಶುಲ್ಕ: ಎಸ್‌ಎಂಎಸ್, ಎಟಿಎಂ ಕಾರ್ಡ್ ಅಥವಾ ಯಾವುದೋ ಸೇವೆಯದ್ದು. ಯಾರದೆಂಬುದನ್ನು ಈ ಲೆಕ್ಕ ಹೇಳುವುದಿಲ್ಲ, ಆದರೆ ಕೌಂಟರಿನಲ್ಲಿ ಏನು ಕೇಳಬೇಕೆಂದು ತಿಳಿಯುತ್ತದೆ. ಮೇ ತಿಂಗಳ ಕೊನೆಯ 20 ರೂಪಾಯಿ ಮಾತ್ರ ಬೇರೆ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು, 70 ವರ್ಷ ದಾಟಿದವರಿಗೆ ಆ ರಕ್ಷಣೆ ಇರುವುದಿಲ್ಲ.

ಖಾತೆಯಲ್ಲಿ ಹಣ ಇಡದಿದ್ದರೆ ಕಡಿತ ತಾನೇ ನಿಲ್ಲುತ್ತದೆ ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ನನಗೂ ಹೇಳಿದ್ದರು. ಹಾಗೆ ಮಾಡಿದರೆ ಮ್ಯಾಂಡೇಟ್ ಜೀವಂತವಾಗಿಯೇ ಇದ್ದು, ಹಣವಿಲ್ಲದೆ ಮರಳಿದ ಪ್ರತಿ ಸಲಕ್ಕೂ ಬ್ಯಾಂಕಿನ ದಂಡ ಬೇರೆ ಬೀಳುತ್ತದೆ. ನಾನು ಶಾಖೆಯಲ್ಲಿ ಮ್ಯಾಂಡೇಟಿನ ಗುರುತಿನ ಸಂಖ್ಯೆಯಾದ `UMRN` ಕೇಳಿ ಪಡೆದು, ಅದನ್ನು ನಮೂದಿಸಿ ರದ್ದತಿಯ ಅರ್ಜಿ ಕೊಟ್ಟು, ಎರಡನೆಯ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಂಡೆ. ಮುಂದಿನ ತಿಂಗಳ 8ರಂದು ಮತ್ತೆ ಹೋಗಿ ಎಂಟ್ರಿ ಮಾಡಿಸಿದೆ. 7ರ ಸಾಲು ಇರಲಿಲ್ಲ.