ಎರಡು ಕೇಂದ್ರಗಳಿರುವುದು ಏಕೆ

"ಅಮೆರಿಕದ ಭೌಗೋಳಿಕ ಕೇಂದ್ರ ಲೆಬನನ್ ಅಂತ ಒಂದು ಕಡೆ ಓದಿದೆ, ಬೆಲ್ ಫೂಷ್ ಹತ್ತಿರ ಅಂತ ಇನ್ನೊಂದು ಕಡೆ. ಯಾವುದು ಸರಿ?"

ಎರಡೂ ಸರಿ, ಅಳೆದ ಭೂಭಾಗ ಮಾತ್ರ ಬೇರೆ. ಕಾನ್ಸಾಸ್ ರಾಜ್ಯದ ಲೆಬನನ್ ಬಳಿಯ ಬಿಂದು ಒಂದಕ್ಕೊಂದು ಹೊಂದಿಕೊಂಡಿರುವ 48 ರಾಜ್ಯಗಳ ಕೇಂದ್ರ. 1918ರಲ್ಲಿ ಅಲ್ಲಿನ ಕರಾವಳಿ ಮತ್ತು ಭೂಮಾಪನ ಇಲಾಖೆಯವರು ದೇಶದ ನಕಾಶೆಯ ಆಕಾರಕ್ಕೆ ರಟ್ಟನ್ನು ಕತ್ತರಿಸಿ, ಅದು ಯಾವ ಬಿಂದುವಿನ ಮೇಲೆ ಓಲಾಡದೆ ಸಮತೋಲನದಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಇದನ್ನು ಗುರುತಿಸಿದರು. 1959ರಲ್ಲಿ ಅಲಾಸ್ಕ ಮತ್ತು ಹವಾಯಿ ರಾಜ್ಯಗಳಾದ ಮೇಲೆ, ವಿಶಾಲವಾದ ಅಲಾಸ್ಕದ ಸೆಳೆತದಿಂದ ಕೇಂದ್ರವು ವಾಯವ್ಯಕ್ಕೆ ಸರಿದು ದಕ್ಷಿಣ ಡಕೋಟದ ಬೆಲ್ ಫೂಷ್‌ನ ಉತ್ತರಕ್ಕೆ ಬಂದಿತು.

ರಟ್ಟಿನ ವಿಧಾನ ಸರಳವಾದರೂ ನನಗೆ ಬಹಳ ಇಷ್ಟ, ಏಕೆಂದರೆ ಕೇಂದ್ರವೆಂದರೆ ವಿಸ್ತೀರ್ಣದ ಸಮತೋಲನ ಬಿಂದು ಎಂಬುದನ್ನು ಅದು ಕಣ್ಣಿಗೇ ತೋರಿಸುತ್ತದೆ. ಆದರೆ ಅಲ್ಲಿ ರಟ್ಟಿನ ತೂಕವೇ ನೆಲದ ವಿಸ್ತೀರ್ಣದ ಪ್ರತಿನಿಧಿಯಾದ್ದರಿಂದ, ಉತ್ತರದ ಪ್ರದೇಶಗಳನ್ನು ಹಿಗ್ಗಿಸಿ ತೋರಿಸುವ ಮರ್ಕೇಟರ್ ನಕಾಶೆಯನ್ನು ಬಳಸಿದರೆ ಕೇಂದ್ರವು ಉತ್ತರಕ್ಕೆ ತಪ್ಪಾಗಿ ಜಾರುತ್ತದೆ. ಈಗ ಗಡಿಯ ಅಕ್ಷಾಂಶ ರೇಖಾಂಶಗಳಿಂದ ಗೋಳದ ಮೇಲೆಯೇ ಲೆಕ್ಕ ಹಾಕಬಹುದು. ಆಗಲೂ ದ್ವೀಪಗಳನ್ನು, ಕರಾವಳಿಯ ನೀರನ್ನು ಸೇರಿಸಬೇಕೇ ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ ಫಲಿತಾಂಶ ಬದಲಾಗುತ್ತದೆ.